ಪೀಸಿಗೆ ಎಷ್ಟು? ಬಳ್ಳಾರಿಯ ಒಂದು ಜೀನ್ಸ್ ಫೋಟೋ ಕೆಲಸಕ್ಕೆ ರೇಟು ಕಟ್ಟಿದ ಲೆಕ್ಕ

ಬಳ್ಳಾರಿಯ ಜೀನ್ಸ್ ವ್ಯಾಪಾರ ನಡೆಯುವುದು ಪೀಸಿನ ಲೆಕ್ಕದಲ್ಲಿ. ಕೌಲ್ ಬಜಾರಿನಲ್ಲಿ ಹೊಲಿಯುವವರಿಗೆ ಪೀಸಿಗೆ ಇಷ್ಟು, ಕಾಜ ಹಾಕುವವರಿಗೆ ಇಷ್ಟು, ವಾಷಿಂಗಿಗೆ ಇಷ್ಟು, ಇಸ್ತ್ರಿಗೆ ಇಷ್ಟು. ಹಾಗಾಗಿ ಇಲ್ಲಿನ ಜೀನ್ಸ್ ಮಾಲೀಕರು ಯಾವ ಹೊಸ ಕೆಲಸಕ್ಕೆ ಜನ ಹುಡುಕಿದರೂ ಮೊದಲು ಕೇಳುವುದು ಇದನ್ನೇ: "ಪೀಸಿಗೆ ಎಷ್ಟು?" ಫ್ರೀಲಾನ್ಸ್ ಕೆಲಸ ಮಾಡುವವರ ಖರ್ಚು ಮಾತ್ರ ದಿನದ ಲೆಕ್ಕದಲ್ಲಿ ಓಡುತ್ತದೆ. ಈ ಎರಡು ಲೆಕ್ಕ ಒಂದಕ್ಕೊಂದು ಕೂಡದೆ ಹೋದಾಗ ನಷ್ಟ ಬೀಳುವುದು ಸಾಮಾನ್ಯವಾಗಿ ಕೆಲಸ ಮಾಡಿದವರಿಗೆ.

ನನ್ನ ಚಿಕ್ಕಮ್ಮನ ಮಗಳು ಬಳ್ಳಾರಿಯಲ್ಲೇ ಸ್ವಂತವಾಗಿ ಫೋಟೋಗ್ರಫಿ ಮಾಡುತ್ತಾಳೆ. ಮದುವೆ ಫೋಟೋ ಅಲ್ಲ. ಅಂಗಡಿ, ಕಾರ್ಖಾನೆಗಳ ಮಾಲಿನ ಫೋಟೋ. ನಾನೂ ಅದೇ ಕೆಲಸದಲ್ಲಿ ಇರುವುದರಿಂದ ದೊಡ್ಡ ಕೋಟೇಶನ್ ಇದ್ದಾಗ ಇಬ್ಬರೂ ಕೂತು ಲೆಕ್ಕ ಹಾಕುತ್ತೇವೆ. ಅವಳಿಗೆ ಹೊಸ ಗಿರಾಕಿಯೊಬ್ಬರಿಂದ ಬಂದ ಒಂದು ಕೆಲಸದ ಪೂರ್ತಿ ಲೆಕ್ಕವನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಗಿರಾಕಿಯ ಹೆಸರು ಬೇಡ. ಜೀನ್ಸ್ ಹೊಲಿಸಿ, ತಮ್ಮದೇ ಲೇಬಲ್ ಹಾಕಿ ಹೋಲ್‌ಸೇಲ್ ಮಾರುವ ಮಧ್ಯಮ ಗಾತ್ರದ ಯೂನಿಟ್ ಅವರದು. ಅಷ್ಟು ಗೊತ್ತಿದ್ದರೆ ಸಾಕು.

ಅವರಿಗೆ ಬೇಕಿದ್ದದ್ದು ಇಷ್ಟು. 60 ಡಿಸೈನು, ಪ್ರತಿ ಡಿಸೈನಿಗೆ ಐದು ಫೋಟೋ: ಮುಂದೆ, ಹಿಂದೆ, ಪಕ್ಕ, ಜೇಬು, ಲೇಬಲ್. ಬಿಳಿ ಹಿನ್ನೆಲೆ. ಪ್ಯಾಂಟು ಬೊಂಬೆಗೆ ತೊಡಿಸಿದ ಹಾಗೆ ತುಂಬಿಕೊಂಡು ಕಾಣಬೇಕು, ಆದರೆ ಬೊಂಬೆ ಕಾಣಬಾರದು. ಆನ್‌ಲೈನ್ ಮಾರಾಟಕ್ಕೂ, ಹೊರ ರಾಜ್ಯದ ಹೋಲ್‌ಸೇಲ್ ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಕ್ಯಾಟಲಾಗ್‌ಗೂ ಅವೇ ಫೋಟೋ.

"ಏನಮ್ಮಾ, ಪೀಸಿಗೆ ಎಷ್ಟು ತಗೋತೀಯ?" ಅಂತ ಮೊದಲ ಭೇಟಿಯಲ್ಲೇ ಕೇಳಿದರು.

"ಸ್ಯಾಂಪಲ್ ನೋಡಿ ನಾಳೆ ಸಂಜೆ ಹೇಳ್ತೀನಿ ಅಣ್ಣ" ಎಂದು ಅವಳು ಎರಡು ಪ್ಯಾಂಟು ಮನೆಗೆ ತಂದಳು. ಒಂದು ತಿಳಿ ನೀಲಿ, ಒಂದು ಕಡು ಕಪ್ಪು. ಎರಡಕ್ಕೂ ಫೋಟೋ ತೆಗೆದು, ಎಡಿಟ್ ಮಾಡಿ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಂಡಳು. ನನ್ನ ಪ್ರಕಾರ ಈ ಕೇಸಿನಲ್ಲಿ ಅವಳು ಮಾಡಿದ ಅತ್ಯಂತ ಮುಖ್ಯ ಕೆಲಸ ಇದೇ. ಎದುರಿಗೆ ಕೂತು ಬಾಯಿಗೆ ಬಂದ ರೇಟು ಹೇಳಿಬಿಟ್ಟರೆ ಆಮೇಲೆ ಅದರಿಂದ ಮೇಲೆ ಏರಲು ಆಗುವುದಿಲ್ಲ, ಅಲ್ವಾ?

ಕೆಲಸದ ಲೆಕ್ಕಕ್ಕೂ ಮುಂಚೆ ಅವಳ ದಿನದ ಲೆಕ್ಕ ಹೇಳಬೇಕು. ತುಂಬ ಜನ ಇದನ್ನು ಹೀಗೆ ಮಾಡುತ್ತಾರೆ: ಕೆಲಸಕ್ಕೆ ಸೇರಿದ್ದರೆ ತಿಂಗಳಿಗೆ 35,000 ಬರುತ್ತಿತ್ತು, 26ರಿಂದ ಭಾಗಿಸಿದರೆ ಸುಮಾರು 1,350, ಅದೇ ನನ್ನ ದಿನದ ರೇಟು. ಇದರಲ್ಲಿ ಎರಡು ವಿಷಯ ಬಿಟ್ಟುಹೋಗಿವೆ. ಸಂಬಳಕ್ಕೆ ಇರುವವರು ಕ್ಯಾಮೆರಾ ಕೊಳ್ಳುವುದಿಲ್ಲ, ಬಾಡಿಗೆ ಕಟ್ಟುವುದಿಲ್ಲ. ಮತ್ತೆ, ಅವರಿಗೆ 26 ದಿನಕ್ಕೂ ದುಡ್ಡು ಬರುತ್ತದೆ. ನಮಗೆ ಬರುವುದಿಲ್ಲ.

ಅವಳ ವರ್ಷದ ಲೆಕ್ಕ ಹೀಗಿತ್ತು. ಮನೆಗೆ ತಿಂಗಳಿಗೆ 35,000 ಬೇಕು, ಅಂದರೆ ವರ್ಷಕ್ಕೆ 4,20,000. ಕ್ಯಾಮೆರಾ, ಲೆನ್ಸು, ಲೈಟು ಎಲ್ಲ ಸೇರಿ 3 ಲಕ್ಷದ ಸಾಮಾನು. ಐದು ವರ್ಷಕ್ಕೆ ಬದಲಿಸಬೇಕು ಎಂದಿಟ್ಟರೆ ವರ್ಷಕ್ಕೆ 60,000. ಲ್ಯಾಪ್‌ಟಾಪ್, ಸಾಫ್ಟ್‌ವೇರ್‌ಗೆ 36,000. ಸ್ಟುಡಿಯೋ ಕೋಣೆಯ ಬಾಡಿಗೆ 72,000. ಕರೆಂಟು, ಫೋನು, ಪೆಟ್ರೋಲಿಗೆ 48,000. ರಿಪೇರಿ, ವಿಮೆ, ಆಡಿಟರ್ ಫೀಸಿಗೆ 24,000. ಒಟ್ಟು 6,60,000.

ಇನ್ನು ದಿನಗಳು. ವರ್ಷದಲ್ಲಿ ಭಾನುವಾರ, ಹಬ್ಬ, ಮನೆ ಕಾರ್ಯ, ಜ್ವರ-ನೆಗಡಿ ಎಲ್ಲ ಕಳೆದರೆ ಹೆಚ್ಚೂ ಕಡಿಮೆ 288 ದಿನ ಉಳಿಯುತ್ತವೆ. ಆ ಅಷ್ಟೂ ದಿನಕ್ಕೆ ಬಿಲ್ ಹಾಕಲು ಆಗುವುದಿಲ್ಲ. ಗಿರಾಕಿ ಹುಡುಕುವುದು, ಕೋಟೇಶನ್ ಬರೆಯುವುದು, ಬಾಕಿ ಕೇಳಲು ಓಡಾಡುವುದು, ಸೀಸನ್ ಇಲ್ಲದ ತಿಂಗಳು, ಇವೆಲ್ಲ ದಿನಗಳನ್ನು ತಿನ್ನುತ್ತವೆ. ಹಿಂದಿನ ವರ್ಷದ ಡೈರಿ ನೋಡಿದರೆ ದುಡ್ಡು ತಂದ ದಿನ 140ರ ಆಸುಪಾಸು. 6,60,000ವನ್ನು 140ರಿಂದ ಭಾಗಿಸಿದರೆ 4,714. ಅದನ್ನು 5,000 ಎಂದು ಇಟ್ಟುಕೊಂಡಳು. ಇದು ಗಿರಾಕಿಗೆ ಹೇಳುವ ರೇಟು ಅಲ್ಲ. ಇದಕ್ಕಿಂತ ಕೆಳಗೆ ಹೋದರೆ ಆ ದಿನ ಕೆಲಸ ಮಾಡಿ ಮನೆಯಿಂದ ಕೊಟ್ಟ ಹಾಗೆ. ಹೇಳುವ ರೇಟು 6,000. ನಡುವಿನ ಸಾವಿರ ಲೆಕ್ಕ ತಪ್ಪಿದಾಗ ಉಳಿಸುವುದಕ್ಕೆ.

ಈಗ ಕೆಲಸದ ಲೆಕ್ಕ. ಬೊಂಬೆ ಕಾಣದ ಹಾಗೆ ಫೋಟೋ ತೆಗೆಯುವುದಕ್ಕೆ ಪ್ಯಾಂಟನ್ನು ಸೊಂಟದ ಬೊಂಬೆಗೆ ತೊಡಿಸಿ ಒಂದು ಫೋಟೋ ತೆಗೆಯಬೇಕು. ಸೊಂಟಪಟ್ಟಿಯ ಒಳಭಾಗವನ್ನು ಬೇರೆಯಾಗಿ ಇನ್ನೊಂದು ಫೋಟೋ ತೆಗೆಯಬೇಕು. ಎಡಿಟಿಂಗ್‌ನಲ್ಲಿ ಬೊಂಬೆ ಅಳಿಸಿ ಎರಡನ್ನೂ ಜೋಡಿಸಬೇಕು. ಗಿರಾಕಿಯ ಕಣ್ಣಿಗೆ ಅದು ಒಂದೇ ಫೋಟೋ. ಅವಳ ಡೈರಿಯಲ್ಲಿ ಅಂಥ ಒಂದಕ್ಕೆ 12 ನಿಮಿಷ, ಜೇಬು-ಲೇಬಲ್ ಥರದ ಸಾದಾ ಫೋಟೋಗೆ 4 ನಿಮಿಷ. ಮುಂದೆ-ಹಿಂದೆ ಸೇರಿ 120 ಜೋಡಿಸುವ ಫೋಟೋ, ಅಂದರೆ 24 ಗಂಟೆ. ಉಳಿದ 180 ಸಾದಾ, 12 ಗಂಟೆ. ಒಟ್ಟು 36 ಗಂಟೆ ಎಡಿಟಿಂಗ್. ಕಣ್ಣು ಸೋಲದೆ ಬಣ್ಣ ನೋಡಿ ಕೆಲಸ ಮಾಡಬಹುದಾದದ್ದು ದಿನಕ್ಕೆ ಆರು ಗಂಟೆ. ಹಾಗಾಗಿ ಆರು ದಿನ. ಫೋಟೋ ತೆಗೆಯಲು ದಿನಕ್ಕೆ 20 ಡಿಸೈನಿನ ಹಾಗೆ ಮೂರು ದಿನ. ಸ್ಯಾಂಪಲ್ ಎಣಿಸಿ, ಇಸ್ತ್ರಿ ಮಾಡಿ, ಲೈಟು ಹೊಂದಿಸಲು ಒಂದು ದಿನ. ತಿದ್ದುಪಡಿಗೆ ಒಂದು ದಿನ. ಒಟ್ಟು 11.

6,000ದಂತೆ 66,000. ಸಹಾಯಕ ಹುಡುಗನಿಗೆ ಮೂರು ದಿನಕ್ಕೆ 2,400, ಸಾಗಾಟಕ್ಕೆ 1,500. ಸೇರಿ 69,900. ಹೊಸ ಗಿರಾಕಿ, ಅವರ ಅಭ್ಯಾಸ ಗೊತ್ತಿಲ್ಲ ಅಂತ 72,000ಕ್ಕೆ ಏರಿಸಿದಳು. ಅದನ್ನೇ ಅವರ ಭಾಷೆಯಲ್ಲಿ ಹೇಳಿದಳು: ಡಿಸೈನಿಗೆ 1,200.

ಫೋಟೋ ತೆಗೆಯುವ ದಿನ ಮೂರೇ ಇರುವುದನ್ನು ಗಮನಿಸಿ. ಗಿರಾಕಿ ಕಣ್ಣಾರೆ ನೋಡುವುದು ಆ ಮೂರು ದಿನವನ್ನು ಮಾತ್ರ. ಇಂಥ ಕೆಲಸಕ್ಕೆ "ದಿನಕ್ಕೆ 6,000" ಎಂದು ಹೇಳಿದ್ದರೆ ಅವರು 18,000 ಎಂದು ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದರು. ಎಡಿಟಿಂಗ್ ದಿನಗಳ ಬಿಲ್ ನೋಡಿದಾಗ ಮೋಸ ಮಾಡಿದಳು ಅನ್ನಿಸುತ್ತಿತ್ತು. ಪೂರ್ತಿ ಕೆಲಸಕ್ಕೆ ಒಂದೇ ಬೆಲೆ ಹೇಳಲು ಇದು ಮೊದಲ ಕಾರಣ. ಎರಡನೆಯದು, ಎಡಿಟಿಂಗ್ ಎಷ್ಟು ಬೇಗ ಮುಗಿಯುತ್ತದೆ ಎನ್ನುವುದು ಅವಳ ಕೈಯಲ್ಲೇ ಇದೆ. ತನ್ನ ಕೈಯಲ್ಲಿರುವ ಹೊತ್ತಿನ ಹೊಣೆ ತಾನು ಹೊತ್ತುಕೊಂಡು ಒಂದೇ ಬೆಲೆ ಹೇಳಬಹುದು. ಸ್ಯಾಂಪಲ್ ಯಾವಾಗ ಬರುತ್ತದೆ ಎನ್ನುವುದು ಅವಳ ಕೈಯಲ್ಲಿ ಇಲ್ಲ. ಅದಕ್ಕೆ ಬೇರೆ ಲೆಕ್ಕವೇ ಬೇಕು. ಅದು ಮುಂದೆ ಬರುತ್ತದೆ.

1,200 ಕೇಳಿ ಅವರು ಜೋರಾಗಿ ನಕ್ಕರು. "ಹುಬ್ಬಳ್ಳಿಯವನು ಫೋಟೋಕ್ಕೆ ನೂರು ಅಂದಿದಾನಮ್ಮ. 300 ಫೋಟೋ, 30 ಸಾವಿರ. ನೀನು ಊರವಳು, ಇನ್ನೂ ಕಡಿಮೆ ಮಾಡ್ತೀಯ ಅಂದ್ಕೊಂಡಿದ್ದೆ."

ಇಂಥ ಹೊತ್ತಿನಲ್ಲಿ ರೇಟು ಇಳಿಸಿದರೆ ಮೊದಲು ಹೇಳಿದ 72,000 ಸುಳ್ಳು ಅಂತ ನಾವೇ ಒಪ್ಪಿದ ಹಾಗಾಗುತ್ತದೆ. ಅವಳು ಇಳಿಸಲಿಲ್ಲ. "ಆ ನೂರರಲ್ಲಿ ಏನೇನು ಸೇರಿದೆ ಅಣ್ಣ?" ಎಂದು ಕೇಳಿದಳು. ಅವರು ಆ ಮೆಸೇಜ್ ತೆಗೆದು ತೋರಿಸಿದರು. ಅದರಲ್ಲಿ ಪ್ಯಾಂಟನ್ನು ಮೇಜಿನ ಮೇಲೆ ಹರಡಿ ತೆಗೆಯುವ ಫೋಟೋ ಇತ್ತು, ಬೊಂಬೆ ಇರಲಿಲ್ಲ. ಸ್ಯಾಂಪಲ್ ಕಳಿಸಿ ವಾಪಸ್ ತರಿಸುವ ಖರ್ಚು ಗಿರಾಕಿಯದೇ. ಬಣ್ಣ ಹೊಂದಿಸುವ ಮಾತೇ ಇರಲಿಲ್ಲ.

ಬಣ್ಣದ ವಿಷಯ ಅವರಿಗೆ ತಾಗಿತು. ಜೀನ್ಸ್‌ನಲ್ಲಿ ದುಡ್ಡು ಇರುವುದೇ ವಾಷಿಂಗ್‌ನಲ್ಲಿ. ಒಂದೇ ಬಟ್ಟೆ, ಒಂದೇ ಹೊಲಿಗೆ, ಆದರೆ ವಾಷ್ ಬದಲಾದರೆ ಮಾಲೇ ಬೇರೆ. ಫೋಟೋದಲ್ಲಿ ಒಂದು ನೀಲಿ, ಕೈಗೆ ಬಂದಾಗ ಇನ್ನೊಂದು ನೀಲಿ ಆದರೆ ಆನ್‌ಲೈನ್ ಗಿರಾಕಿ ವಾಪಸ್ ಕಳಿಸುತ್ತಾನೆ. ಅವಳು ತಾನು ತೆಗೆದಿದ್ದ ಎರಡು ಸ್ಯಾಂಪಲ್ ಫೋಟೋ ತೋರಿಸಿದಳು. ಬಣ್ಣದ ಚೌಕಗಳಿರುವ ಕಾರ್ಡನ್ನು ಪ್ಯಾಂಟಿನ ಪಕ್ಕ ಇಟ್ಟು ಮೊದಲು ಒಂದು ಫೋಟೋ ತೆಗೆದು, ಅದಕ್ಕೆ ಉಳಿದವುಗಳ ಬಣ್ಣ ಹೊಂದಿಸುತ್ತಾಳೆ. ಅವರು ಪ್ಯಾಂಟನ್ನು ಫೋನಿನ ಪಕ್ಕ ಹಿಡಿದು ನೋಡಿದರು. ಮಾತು ಹುಬ್ಬಳ್ಳಿಯಿಂದ ಈಚೆ ಬಂತು.

"ನನ್ನ ಹತ್ರ ಇರೋದು 40 ಸಾವಿರ. ಅದರಲ್ಲಿ ಮಾಡ್ಕೊಡು."

ಇಲ್ಲಿಂದ ನಡೆದದ್ದು ಚೌಕಾಸಿ ಅಲ್ಲ, ಕೆಲಸ ಕತ್ತರಿಸುವುದು. ಐದು ಫೋಟೋ ಎಲ್ಲದಕ್ಕೂ ಬೇಕಾ? ಲೇಬಲ್ ಎಲ್ಲದಕ್ಕೂ ಒಂದೇ. ಪಕ್ಕದ ಫೋಟೋ ಯಾರೂ ಹಿಗ್ಗಿಸಿ ನೋಡುವುದಿಲ್ಲ. ಮೂರು ಸಾಕು. ಬೊಂಬೆ ಅಳಿಸುವುದು ಮುಂದಿನ ಫೋಟೋಗೆ ಮಾತ್ರ, ಹಿಂದಿನದನ್ನು ಹರಡಿ ತೆಗೆದರೆ ಆಯಿತು. ಇಸ್ತ್ರಿ ಅವರ ಯೂನಿಟ್‌ನಲ್ಲೇ ಆಗಲಿ, ಇಸ್ತ್ರಿಯವರು ಹೇಗೂ ಇದ್ದಾರೆ. ಹೊಸ ಲೆಕ್ಕ: ಎಡಿಟಿಂಗ್ 20 ಗಂಟೆ, ಮೂರೂವರೆ ದಿನ. ಫೋಟೋ ತೆಗೆಯಲು ದಿನಕ್ಕೆ 24ರಂತೆ ಎರಡೂವರೆ. ತಯಾರಿ ಅರ್ಧ, ತಿದ್ದುಪಡಿ ಅರ್ಧ. ಒಟ್ಟು ಏಳು ದಿನ. 42,000ಕ್ಕೆ ಸಹಾಯಕ ಮತ್ತು ಸಾಗಾಟದ 3,400 ಸೇರಿಸಿದರೆ 45,400.

ಅವಳು 45,000 ಹೇಳಿದಳು. ಡಿಸೈನಿಗೆ 750. ಅವರು ಮತ್ತೆ 40 ಅಂದರು. "40ಕ್ಕೆ 53 ಡಿಸೈನು ಮಾಡ್ತೀನಿ ಅಣ್ಣ. ಯಾವ ಏಳು ಬಿಡೋಣ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "60 ಮಾಡು" ಎಂದರು. ಈ ಮಾತು ಕೆಲಸ ಮಾಡಿದ್ದು ಅದು ಅವರದೇ ಲೆಕ್ಕವಾಗಿದ್ದರಿಂದ. ಅವರ ಗಿರಾಕಿ ಬಂದು ದುಡ್ಡು ಕಡಿಮೆ ಇದೆ ಅಂದರೆ ಅವರೂ ಪೀಸೇ ಕಡಿಮೆ ಕೊಡುತ್ತಾರೆ.

ದುಡ್ಡು ಕೊಡುವ ವಿಷಯದಲ್ಲಿ ಮತ್ತೊಂದು ಹಗ್ಗಜಗ್ಗಾಟ ಆಯಿತು. ಜೀನ್ಸ್ ವ್ಯಾಪಾರ ಉದ್ರಿಯ ಮೇಲೆ ನಡೆಯುತ್ತದೆ. ಹೋಲ್‌ಸೇಲ್ ಗಿರಾಕಿಯಿಂದ ದುಡ್ಡು ಬರಲು ತಿಂಗಳುಗಳು ಹಿಡಿಯುತ್ತವೆ. ಹಾಗಾಗಿ ಅವರೂ ಮಾಲು ಹೋದ ಮೇಲೆ ಕೊಡುತ್ತೇನೆ ಎಂದರು. ಫ್ರೀಲಾನ್ಸರ್ ಇದಕ್ಕೆ ಒಪ್ಪಿದರೆ ಗಿರಾಕಿಯ ವ್ಯಾಪಾರಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗೆ. ಅವಳು ಕೇಳಿದ್ದು: 18,000 ಮುಂಗಡ, ಅದು ಬಂದ ಮೇಲೆ ತಾರೀಖು ಹಿಡಿಯುವುದು. ಸಣ್ಣ ಸೈಜಿನ, ಮೇಲೆ ಅಡ್ಡಲಾಗಿ ತನ್ನ ಹೆಸರು ಹಾಕಿದ ಫೋಟೋ ತೋರಿಸಿದಾಗ ಇನ್ನೊಂದು 18,000. ದೊಡ್ಡ ಫೋಟೋ ಕೊಡುವಾಗ ಉಳಿದ 9,000.

ಚಿಕ್ಕ ಉದ್ಯಮಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿಯನ್ನು ಅವಳು ಮಾಡಿಸಿಕೊಂಡಿದ್ದಳು. ಇದು ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಇಂಥ ಚಿಕ್ಕ ಉದ್ಯಮಕ್ಕೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ಇದು ಜೋರಾಗಿದೆ. ಆದರೆ 9,000ಕ್ಕೆ ಊರಿನ ಗಿರಾಕಿಯ ಮೇಲೆ ಯಾರೂ ಅರ್ಜಿ ಹಾಕುವುದಿಲ್ಲ. ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ನಿಯಮ. 2024ರ ಏಪ್ರಿಲ್‌ನಿಂದ, ಲೆಕ್ಕಪುಸ್ತಕ ಇಡುವ ವ್ಯಾಪಾರಿ ಇಂಥ ಬಾಕಿಯನ್ನು ಗಡುವು ಮೀರಿ ಉಳಿಸಿಕೊಂಡರೆ, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚು ಎಂದು ತೋರಿಸಿ ತೆರಿಗೆ ಉಳಿಸಬಹುದು. ಇದನ್ನು ಅವರ ಆಡಿಟರ್ ಚೆನ್ನಾಗಿ ಬಲ್ಲರು. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿದರೆ ಸಾಕು, ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಗೆಯೇ, ವರ್ಷದ ವಹಿವಾಟು 20 ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಬಿಲ್‌ನಲ್ಲಿ ಜಿಎಸ್‌ಟಿ ಇರುವುದಿಲ್ಲ ಎಂದು ಮೊದಲೇ ತಿಳಿಸಿದಳು.

ಒಪ್ಪಿದ್ದನ್ನೆಲ್ಲ ಅವತ್ತೇ ರಾತ್ರಿ ವಾಟ್ಸಾಪ್‌ನಲ್ಲಿ ಕಳಿಸಿ "ಓಕೆ" ಎಂದು ಬರೆಸಿಕೊಂಡಳು. ಅದರಲ್ಲಿದ್ದ ಎರಡು ಸಾಲು ಆಮೇಲೆ ದೊಡ್ಡ ಪಾತ್ರ ವಹಿಸಿದವು. "ತೆಗೆದ ಮೇಲೆ ಪೀಸ್ ಬದಲಾಗಿ ಮತ್ತೆ ತೆಗೆಯಬೇಕಾದರೆ ಅದು ಹೊಸ ಡಿಸೈನು, 750." ಇದು ಮೊದಲನೆಯದು. ಎರಡನೆಯದು: "ಫೋಟೋ ತೆಗೆಯುವ ದಿನ ಬೆಳಿಗ್ಗೆ 10ಕ್ಕೆ 20 ಪೀಸ್ ಸಿದ್ಧ ಇಲ್ಲದಿದ್ದರೆ ಕಾಯುವ ದಿನಕ್ಕೆ 5,000. ಹಿಂದಿನ ಸಂಜೆ 6ರೊಳಗೆ ತಿಳಿಸಿದರೆ ಏನೂ ಇಲ್ಲ."

ಮೊದಲ ದಿನ 24 ಡಿಸೈನು ಅಂದುಕೊಂಡ ಹಾಗೇ ಮುಗಿದವು. ಎರಡನೆಯ ದಿನ ಹತ್ತು ಗಂಟೆಗೆ ಬಂದಿದ್ದು ಒಂಬತ್ತೇ. ಉಳಿದವು ವಾಷಿಂಗ್‌ನಲ್ಲಿ ಸಿಕ್ಕಿಕೊಂಡಿದ್ದವು. ಮಧ್ಯಾಹ್ನ ಮೂರರ ಮೇಲೆ ಇನ್ನೈದು ಬಂದವು. ದಿನ ಪೂರ್ತಿ ಹೋಯಿತು, ಆದದ್ದು 14. ಉಳಿದ 22ನ್ನು ಮೂರನೆಯ ದಿನ ಮುಗಿಸಿದಳು. ಆಮೇಲೆ ನಾಲ್ಕು ಪ್ಯಾಂಟಿನ ಶೇಡು ಮಾಲೀಕರಿಗೆ ಹಿಡಿಸಲಿಲ್ಲ. ಮತ್ತೆ ವಾಷ್‌ಗೆ ಹಾಕಿ ಬೇರೆ ಬಣ್ಣದಲ್ಲಿ ತಂದರು. ಅವಕ್ಕೆ ಇನ್ನರ್ಧ ದಿನ.

ಬಿಲ್ ನೋಡಿ ಅವರು ನಾಲ್ಕು ಪೀಸಿನ 3,000ಕ್ಕೆ ಚಕಾರ ಎತ್ತಲಿಲ್ಲ. ಕಾಯುವ ದಿನದ 5,000ಕ್ಕೆ ಮಾತ್ರ ಕೋಪ ಬಂತು. "ವಾಷಿಂಗ್‌ನವನು ತಡ ಮಾಡಿದ್ದಕ್ಕೆ ನಾನು ದಂಡ ಕಟ್ಬೇಕಾ? ಅವತ್ತು 14 ಪೀಸ್ ಮಾಡಿದ್ದೀಯಲ್ಲ?"

ಅವಳು ಅವರ "ಓಕೆ" ತೋರಿಸಿದಳು. ಆದರೆ ಅವರ ಮಾತಿನಲ್ಲೂ ನ್ಯಾಯ ಇತ್ತು, ಆ ದಿನ ಪೂರ್ತಿ ಖಾಲಿ ಹೋಗಿರಲಿಲ್ಲ. "ಅರ್ಧ ಬಿಡ್ತೀನಿ ಅಣ್ಣ, 2,500 ಮಾಡಿ. ಆದರೆ ಉಳಿದದ್ದೆಲ್ಲ ಸೇರಿ 14,500 ಇವತ್ತೇ ಹಾಕಿ" ಎಂದಳು. ಸಂಜೆಯೊಳಗೆ ಬಂತು. ಅವಳು ಬಿಟ್ಟದ್ದು ನನಗೆ ಸರಿ ಎನ್ನಿಸುತ್ತದೆ. ಸುಮ್ನೆ ಬಿಡಲಿಲ್ಲ, ಅದರ ಬದಲಿಗೆ ಏನೋ ಒಂದನ್ನು ಪಡೆದಳು. ಬರೀ ಬಿಟ್ಟಿದ್ದರೆ ಆ ಸಾಲು ಮುಂದಿನ ಸಲ ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು.

ಕೊನೆಯ ಲೆಕ್ಕ. ಬಂದದ್ದು 45,000, 3,000 ಮತ್ತು 2,500, ಒಟ್ಟು 50,500. ಸಹಾಯಕನಿಗೆ ನಾಲ್ಕು ದಿನಕ್ಕೆ 3,200, ಸಾಗಾಟಕ್ಕೆ 1,000 ಕಳೆದರೆ 46,300. ಹಿಡಿದ ದಿನ ಏಳಲ್ಲ, ಎಂಟೂವರೆ. ದಿನಕ್ಕೆ ಬಿದ್ದದ್ದು 5,447. ಆ ಎರಡು ಸಾಲು ಇಲ್ಲದೆ ಬರೀ 45,000 ಬಂದಿದ್ದರೆ 4,800, ಅಂದರೆ ಅವಳ ಕೆಳಗಿನ ಗೆರೆಗಿಂತ ಕಡಿಮೆ. 40,000ಕ್ಕೆ ಒಪ್ಪಿದ್ದರೆ 4,212. ಹುಬ್ಬಳ್ಳಿಯವನ 30,000ಕ್ಕೆ ಇಳಿದು ಇದೇ ಕೆಲಸ ಮಾಡಿದ್ದರೆ ಮೂರು ಸಾವಿರದ ಹತ್ತಿರ.

ಹೆಚ್ಚಾದ ಒಂದೂವರೆ ದಿನದಲ್ಲಿ ಒಂದು ದಿನ ಗಿರಾಕಿಯ ಕಡೆಯದು. ಉಳಿದ ಅರ್ಧ ದಿನ ಅವಳ ಎಡಿಟಿಂಗ್‌ನದು. 20 ಗಂಟೆ ಅಂದದ್ದು 24 ಆಯಿತು. ಮತ್ತೆ ತೆಗೆದ ನಾಲ್ಕನ್ನು ಸೇರಿಸಿ ಲೆಕ್ಕ ಹಾಕಿದರೂ ಬೊಂಬೆ ಅಳಿಸುವ ಫೋಟೋಗೆ ಸರಾಸರಿ 14 ನಿಮಿಷದ ಮೇಲೆ ಹಿಡಿದಿತ್ತು. ಕಾರಣ ಕಪ್ಪು ಪ್ಯಾಂಟುಗಳು. ಕಪ್ಪು ಸೊಂಟಪಟ್ಟಿಯ ನೆರಳಿನಲ್ಲಿ ಅಂಚು ಕಾಣುವುದಿಲ್ಲ, ಹಿಗ್ಗಿಸಿ ಕೈಯಲ್ಲೇ ಗೆರೆ ಎಳೆಯಬೇಕು. ಈ ಲಾಟಿನಲ್ಲಿ ಕಡು ಬಣ್ಣದವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದವು. ಎಷ್ಟು ಕಡು, ಎಷ್ಟು ತಿಳಿ ಎಂದು ಈಗ ಅವಳು ಕೋಟೇಶನ್‌ಗೆ ಮುಂಚೆಯೇ ಕೇಳುತ್ತಾಳೆ.

ದಸರಾ ಮಾಲಿಗೆ ಅವರೇ ಮತ್ತೆ ಫೋನ್ ಮಾಡಿದರು. ಈ ಸಲ 40 ಡಿಸೈನು. ಅವಳು 14 ನಿಮಿಷದ ಲೆಕ್ಕ, ದಿನಕ್ಕೆ 20 ಪೀಸಿನ ಲೆಕ್ಕ ಹಾಕಿದಳು. ಐದೂವರೆ ದಿನ, ಖರ್ಚು ಸೇರಿ 35,600. ಡಿಸೈನಿಗೆ 900 ಅಂದಳು.

"ಹೋದ ಸಲ 750 ಇತ್ತಲ್ಲಮ್ಮ?"

"ಲೈಟು ಕಟ್ಟೋದು, ಬಿಚ್ಚೋದು 40ಕ್ಕೂ ಅಷ್ಟೇ, 60ಕ್ಕೂ ಅಷ್ಟೇ ಅಣ್ಣ. 60 ಕೊಟ್ಟರೆ 825ಕ್ಕೆ ಬರುತ್ತೆ. ಹೋದ ಸಲದ ಕಪ್ಪು ಪ್ಯಾಂಟಿಗೆ ನಾನು ಅಂದ್ಕೊಂಡಿದ್ದಕ್ಕಿಂತ ಹೊತ್ತು ಹಿಡೀತು, ಅದೂ ಇದರಲ್ಲಿ ಸೇರಿದೆ."

ಮುಂದಿನ ತಿಂಗಳ ಲಾಟನ್ನೂ ಸೇರಿಸಿ 60 ಮಾಡಿದರು. ಒಪ್ಪಂದದ ಮೆಸೇಜಿನಲ್ಲಿ ಕಾಯುವ ದಿನದ ಸಾಲನ್ನು ಅವಳು ಬದಲಿಸಿ ಬರೆದಳು: "ಬೆಳಿಗ್ಗೆ 10ಕ್ಕೆ 20 ಪೀಸ್ ಇರಬೇಕು. ಎಷ್ಟು ಕಡಿಮೆ ಇದೆಯೋ ಅಷ್ಟಕ್ಕೆ ಪೀಸಿಗೆ 250." ಒಂದೂ ಬರದಿದ್ದರೆ ಅದೇ 5,000. ಹೋದ ಸಲದ ಹಾಗೆ ಹನ್ನೊಂದು ಕಡಿಮೆ ಬಿದ್ದರೆ 2,750. ಈ ಸಾಲಿಗೆ ಅವರು ಏನೂ ಕೇಳದೆ "ಓಕೆ" ಹಾಕಿದರು.